ಅಜ್ಜನ 1980ರ ಚಿನ್ನದ ಬಿಲ್ಲು: ದುಬಾರಿ ಆಗಲೋ, ಈಗಲೋ?

ಹೊಸನಗರದ ಮೊಮ್ಮಗ

2025ರ ದೀಪಾವಳಿಗೆ ಊರಿಗೆ ಹೋಗಿದ್ದಾಗ ಅಟ್ಟದ ಮೇಲಿನ ಪೆಟ್ಟಿಗೆಯಲ್ಲಿ ಅಜ್ಜನ ಕಾಗದಪತ್ರಗಳ ನಡುವೆ ಶಿವಮೊಗ್ಗದ ಚಿನ್ನದಂಗಡಿಯ ಒಂದು ಬಿಲ್ಲು ಸಿಕ್ಕಿತು. 1980ರ ಮೇ ತಿಂಗಳಿನದು, ನಮ್ಮ ಅತ್ತೆಯ ಮದುವೆಗೆ ಮಾಡಿಸಿದ ಅವಲಕ್ಕಿ ಸರದ ಬಿಲ್ಲು. 22 ಕ್ಯಾರೆಟ್, 40 ಗ್ರಾಂ, ಗ್ರಾಂಗೆ 120 ರೂಪಾಯಿಯಂತೆ 4,800 ರೂಪಾಯಿ, ಮಜೂರಿ ಬೇರೆ. ಹಬ್ಬ ಕಳೆದ ಮೇಲೆ ಇಲ್ಲಿ 22 ಕ್ಯಾರೆಟ್ ಗ್ರಾಂಗೆ 11,400ರ ಸುತ್ತಮುತ್ತ ಇತ್ತು.

ಊಟಕ್ಕೆ ಕುಳಿತಾಗ ಜಗಳವೇ ಆಯಿತು. ಬೆಲೆಯೇರಿಕೆಯನ್ನು ಕಳೆದು ನೋಡಿದರೆ 1980ರಲ್ಲಿ ಚಿನ್ನ ಮುಟ್ಟಿದ ಎತ್ತರವನ್ನು ಇಂದಿಗೂ ದಾಟಿಲ್ಲ ಎಂದು ಚಿಕ್ಕಪ್ಪ ಎಲ್ಲೋ ಓದಿದ್ದಾರೆ. ಅಪ್ಪ ಅದನ್ನು ಒಪ್ಪುವುದಿಲ್ಲ. ‘ಆಗ ನಾಲ್ಕು ಸಾವಿರದ ಎಂಟುನೂರು ಹೊಂದಿಸುವುದು ಎಷ್ಟು ಕಷ್ಟವಾಗಿತ್ತು ಎಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ, ಆದರೂ ಈಗಿನಷ್ಟು ದುಬಾರಿ ಎಂದೂ ಆಗಿರಲಿಲ್ಲ’ ಎನ್ನುತ್ತಾರೆ. ಆ 120 ರೂಪಾಯಿ ಇಂದಿನ ಎಷ್ಟು ರೂಪಾಯಿಗೆ ಸಮ? ಲೆಕ್ಕ ಬಲ್ಲವರು ತಿಳಿಸಿ.

ವಿನೋಬನಗರದವ

ಇದಕ್ಕೆ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಆದಾಯ ತೆರಿಗೆ ಇಲಾಖೆ ಪ್ರತಿ ವರ್ಷ ವೆಚ್ಚ ಹಣದುಬ್ಬರ ಸೂಚ್ಯಂಕ ಪ್ರಕಟಿಸುತ್ತದೆ. ನಿವೇಶನ ಮಾರಿದವರಿಗೆಲ್ಲ ಅದು ಗೊತ್ತು. 1981-82ರಲ್ಲಿ 100 ಇದ್ದದ್ದು 2001-02ಕ್ಕೆ 426 ಆಯಿತು. ಅಲ್ಲಿಂದ ಮತ್ತೆ 100 ಎಂದು ಶುರು ಮಾಡಿದರು, 2025-26ಕ್ಕೆ 376. ಎರಡನ್ನೂ ಗುಣಿಸಿದರೆ 16 ಪಟ್ಟು. ಗ್ರಾಂಗೆ 120 ಎಂದರೆ ಇಂದಿನ 1,920 ರೂಪಾಯಿ. ನಿಮ್ಮ ಅಪ್ಪ ಗೆದ್ದರು, ಚಿಕ್ಕಪ್ಪ ಸೋತರು.

ಕೊಪ್ಪದ ಸೊಸೆ

ನಮ್ಮ ಅತ್ತೆಯವರ ಹಳೆಯ ಬಳೆಗಳೂ ಅದೇ ಕಾಲದವು, ನಾಲ್ಕು ಇವೆ. ಈಗ ಮಾರಿದರೆ ಈ ಸೂಚ್ಯಂಕ ಹಾಕಿ ತೆರಿಗೆ ಉಳಿಸಬಹುದೇ? ಅಥವಾ ಇನ್ನೂ ಏರುತ್ತದೆ ಎಂದು ಕಾಯಬೇಕೇ? ಅಂಗಡಿಯವರು ಹಳೆಯ ಚಿನ್ನಕ್ಕೆ ಸವಕಳಿ ಎಂದು ಎಷ್ಟು ಹಿಡಿಯುತ್ತಾರೆ?

ವಿನೋಬನಗರದವ

ಅಕ್ಕಾ, ಆ ಅನುಕೂಲ ಹೋಯಿತು. 2024ರ ಜುಲೈ 23ರಿಂದ ಚಿನ್ನಕ್ಕೆ ಸೂಚ್ಯಂಕದ ರಿಯಾಯಿತಿ ಇಲ್ಲ. ಎರಡು ವರ್ಷಕ್ಕಿಂತ ಹೆಚ್ಚು ಇಟ್ಟುಕೊಂಡಿದ್ದರೆ ಲಾಭದ ಮೇಲೆ ನೇರವಾಗಿ ಶೇಕಡಾ 12.5. ಆದರೆ ನಿಮ್ಮದು 2001ಕ್ಕಿಂತ ಹಿಂದಿನದಾದ್ದರಿಂದ 2001ರ ಏಪ್ರಿಲ್ 1ರ ಮಾರುಕಟ್ಟೆ ಬೆಲೆಯನ್ನೇ ಕೊಂಡ ಬೆಲೆ ಎಂದು ತೋರಿಸಬಹುದು.

ತೀರ್ಥಹಳ್ಳಿ ಲೆಕ್ಕಿಗ

ಮೂವತ್ತನಾಲ್ಕು ವರ್ಷ ಬ್ಯಾಂಕಿನಲ್ಲಿ ತುಟ್ಟಿಭತ್ಯೆಯ ಲೆಕ್ಕ ನೋಡಿದವನು ನಾನು. ವಿನೋಬನಗರದವರ ತೆರಿಗೆ ಮಾತು ಸರಿ, 16 ಪಟ್ಟಿನ ಲೆಕ್ಕ ತಪ್ಪು. ಅವರು ಬಳಸಿದ ಸೂಚ್ಯಂಕ ಬೆಲೆಯೇರಿಕೆಯನ್ನು ಪೂರ್ತಿಯಾಗಿ ಹಿಡಿಯುವುದೇ ಇಲ್ಲ. ನಗರಗಳ ಬೆಲೆಯೇರಿಕೆಯಲ್ಲಿ ನೂರಕ್ಕೆ ಎಪ್ಪತ್ತೈದು ಪಾಲನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಳ್ಳಬೇಕು ಎಂದು ಕಾನೂನಿನಲ್ಲೇ ಬರೆದಿದೆ. ಪ್ರತಿ ವರ್ಷ ಕಾಲು ಭಾಗ ಬಿಟ್ಟುಕೊಂಡೇ ಬಂದರೆ ನಲವತ್ತು ವರ್ಷಕ್ಕೆ ಎಷ್ಟು ಸೋರಿಹೋಗುತ್ತದೆ ಎಂಬುದಕ್ಕೆ ಈ 16 ಎಂಬ ಅಂಕಿಯೇ ಸಾಕ್ಷಿ.

ಹಿಡಿಯಬೇಕಾದದ್ದು ಕೈಗಾರಿಕಾ ಕಾರ್ಮಿಕರ ಗ್ರಾಹಕ ಬೆಲೆ ಸೂಚ್ಯಂಕ. ಶಿಮ್ಲಾದಲ್ಲಿರುವ ಕಾರ್ಮಿಕ ಬ್ಯೂರೋ ಅದನ್ನು ಪ್ರತಿ ತಿಂಗಳು ಪ್ರಕಟಿಸುತ್ತದೆ. ತೊಡಕು ಒಂದೇ: ಅದರ ಮೂಲ ವರ್ಷ 1960, 1982, 2001, 2016 ಎಂದು ಬದಲಾಗುತ್ತಾ ಬಂದಿದೆ. ಇಂದಿನ ಅಂಕಿಯನ್ನು ನೇರವಾಗಿ ಹಳೆಯ ಅಂಕಿಯ ಪಕ್ಕ ಇಟ್ಟರೆ 1980ರಲ್ಲಿ 401, 2025ರಲ್ಲಿ 147, ಅಂದರೆ ಬೆಲೆಗಳು ಇಳಿದಿವೆ ಎಂಬ ವಿಚಿತ್ರ ಉತ್ತರ ಬರುತ್ತದೆ! ನಡುವಿನ ಕೊಂಡಿಗಳನ್ನು ಹಾಕಬೇಕು. ಬ್ಯಾಂಕಿನವರಿಗೆ ಈ ಕೊಂಡಿಗಳು ಬಾಯಿಪಾಠ, ಏಕೆಂದರೆ ನಮ್ಮ ತುಟ್ಟಿಭತ್ಯೆ ಬಹಳ ಕಾಲ 1960ರ ಮೂಲದ ಮೇಲೆಯೇ ನಡೆಯಿತು.

2025ರ ಸೆಪ್ಟೆಂಬರ್ ಅಂಕಿ 147.3. ಅದನ್ನು 2.88, 4.63, 4.93 ಈ ಮೂರರಿಂದಲೂ ಗುಣಿಸಿದರೆ 1960ರ ಮೂಲಕ್ಕೆ ಸುಮಾರು 9,680 ಆಗುತ್ತದೆ. 1980-81ರ ಸರಾಸರಿ 401. ಭಾಗಿಸಿದರೆ 24 ಪಟ್ಟು. ಅಜ್ಜ ಕೊಟ್ಟ 120 ರೂಪಾಯಿ ಇಂದಿನ ಸುಮಾರು 2,900ಕ್ಕೆ ಸಮ. ಮೇ ತಿಂಗಳು ಆ ಹಣಕಾಸು ವರ್ಷದ ಆರಂಭವಾದ್ದರಿಂದ 3,000 ಎಂದೇ ಇಟ್ಟುಕೊಳ್ಳಿ. 11,400 ಅದಕ್ಕೆ ನಾಲ್ಕು ಪಟ್ಟಿನ ಹತ್ತಿರ ಇದೆ.

ಹೊಸನಗರದ ಮೊಮ್ಮಗ

ಲೆಕ್ಕಿಗ ಸರ್, ಹಾಗಾದರೆ ಚಿಕ್ಕಪ್ಪ ಓದಿದ್ದು ಶುದ್ಧ ಸುಳ್ಳೇ? ಅವರು ಹಾಗೆಲ್ಲ ಬಾಯಿಗೆ ಬಂದದ್ದು ಹೇಳುವವರಲ್ಲ.

ತೀರ್ಥಹಳ್ಳಿ ಲೆಕ್ಕಿಗ

ಸುಳ್ಳಲ್ಲ. ಅವರು ಓದಿದ್ದು ಡಾಲರ್ ಲೆಕ್ಕ, ಅದೂ 2025ರ ಆಗಸ್ಟ್‌ವರೆಗೆ ನಿಜವಾಗಿದ್ದ ಮಾತು.

1980ರ ಜನವರಿ 21ರಂದು ಲಂಡನ್ನಿನಲ್ಲಿ ಚಿನ್ನ ಔನ್ಸಿಗೆ 850 ಡಾಲರ್ ಮುಟ್ಟಿತು. ಇರಾನಿನಲ್ಲಿ ಅಮೆರಿಕದ ರಾಯಭಾರ ಕಚೇರಿಯವರು ಒತ್ತೆಯಲ್ಲಿದ್ದರು, ಸೋವಿಯತ್ ಸೇನೆ ಅಫ್ಘಾನಿಸ್ತಾನಕ್ಕೆ ನುಗ್ಗಿತ್ತು, ಅಮೆರಿಕದಲ್ಲಿ ಬೆಲೆಗಳು ವರ್ಷಕ್ಕೆ ಶೇಕಡಾ ಹತ್ತಕ್ಕಿಂತ ಹೆಚ್ಚು ಏರುತ್ತಿದ್ದವು. ಆ ತಿಂಗಳು ಅಲ್ಲಿನ ಗ್ರಾಹಕ ಬೆಲೆ ಸೂಚ್ಯಂಕ 77.8, 2025ರ ಸೆಪ್ಟೆಂಬರ್‌ನಲ್ಲಿ 324.8. ಹೆಚ್ಚೂಕಡಿಮೆ 4.17 ಪಟ್ಟು. 850ನ್ನು ಅದರಿಂದ ಗುಣಿಸಿದರೆ ಇಂದಿನ 3,550 ಡಾಲರ್. ಚಿನ್ನ 2025ರ ಏಪ್ರಿಲ್‌ನಲ್ಲಿ 3,500ರ ಅಂಚಿಗೆ ಬಂದು ಹಿಂದೆ ಸರಿಯಿತು, ಸೆಪ್ಟೆಂಬರ್‌ನಲ್ಲಿ ಗೆರೆ ದಾಟಿತು, ಅಕ್ಟೋಬರ್‌ನಲ್ಲಿ 4,000ವನ್ನೂ ದಾಟಿತು. ಅಂದರೆ ಆ ಶಿಖರವನ್ನು ನಿಜ ಬೆಲೆಯಲ್ಲಿ ಮತ್ತೆ ಮುಟ್ಟಲು ನಲವತ್ತೈದು ವರ್ಷ ಬೇಕಾಯಿತು. 2011ರ ಸೆಪ್ಟೆಂಬರ್‌ನಲ್ಲಿ 1,895 ಡಾಲರ್ ಆದಾಗ ಪತ್ರಿಕೆಗಳೆಲ್ಲ ದಾಖಲೆ ಎಂದು ಬರೆದವು. ಬೆಲೆಯೇರಿಕೆ ಕಳೆದರೆ ಅದು ಇಂದಿನ 2,700 ಡಾಲರ್ ಮಾತ್ರ, 1980ರ ಶಿಖರದ ಮುಕ್ಕಾಲು ಭಾಗ.

ಇನ್ನೊಂದು ಮಾತು. 850 ಎಂಬುದು ಒಂದೇ ದಿನದ ಬೆಲೆ. ಆ ಜನವರಿಯ ಸರಾಸರಿ ಸುಮಾರು 675, ಮಾರ್ಚ್ ನಡುವಿಗೆ 500ರ ಕೆಳಗೆ ಬಂದಿತ್ತು. ಸರಾಸರಿ ಹಿಡಿದರೆ ಇಂದಿನ 2,800 ಡಾಲರ್ ಅಷ್ಟೆ, ಅದನ್ನು 2025ರ ಮೊದಲ ತಿಂಗಳುಗಳಲ್ಲೇ ದಾಟಿಯಾಗಿತ್ತು. ಜಾಲದಲ್ಲಿ ತಿರುಗುವ ಕೆಲವು ಪಟ್ಟಿಗಳು ಬೆಲೆಯನ್ನು ಒಂದು ದಿನದ್ದು, ಸೂಚ್ಯಂಕವನ್ನು ಇಡೀ ವರ್ಷದ್ದು ತೆಗೆದುಕೊಂಡು 3,350 ಎಂದು ತೋರಿಸುತ್ತವೆ. ಜನವರಿಯಿಂದ ಡಿಸೆಂಬರ್‌ಗೆ ಸೂಚ್ಯಂಕವೇ ಅಷ್ಟು ಏರಿದ ವರ್ಷದಲ್ಲಿ ಹಾಗೆ ಬೆರೆಸಬಾರದು.

ಅಡಿಕೆ ಅಂಗಳ, ಸಾಗರ

ರಾಯರೇ, ಡಾಲರ್ ಕಟ್ಟಿಕೊಂಡು ನಮಗೇನಾಗಬೇಕು? ನಮ್ಮ ಕಡೆ ಚಿನ್ನವನ್ನು ಅಳೆಯುವುದು ಅಡಿಕೆಯಲ್ಲಿ. ಕೊಯ್ಲು ಮುಗಿದು ಮಂಡಿಗೆ ಹಾಕಿದ ಮೇಲೆಯೇ ತಾನೆ ಗಾಂಧಿ ಬಜಾರಿಗೆ ಹೋಗುವುದು.

ನನ್ನ ಚೀಟಿಗಳು ಹೇಳುವುದು ಕೇಳಿ. 2014ರ ಕೊನೆಯಲ್ಲಿ ರಾಶಿ ಇಡಿ ಕ್ವಿಂಟಾಲಿಗೆ 60,000 ದಾಟಿದಾಗ ಕೊಟ್ಟಿದ್ದೆ. 22 ಕ್ಯಾರೆಟ್ ಗ್ರಾಂಗೆ 2,500 ಇತ್ತು. ಒಂದು ಕ್ವಿಂಟಾಲಿಗೆ 24 ಗ್ರಾಂ, ಅಂದರೆ ಮೂರು ಪವನು! 2025ರಲ್ಲೂ ಹೆಚ್ಚುಕಡಿಮೆ ಅದೇ 60,000. ಬರುವುದು 5 ಗ್ರಾಂ ಚಿಲ್ಲರೆ. ಒಂದು ಪವನೂ ಆಗುವುದಿಲ್ಲ. ಅದರ ಮೇಲೆ ಎಲೆಚುಕ್ಕಿ ರೋಗ ಬಂದು ಫಸಲೇ ಅರ್ಧ. ನನ್ನ ಪ್ರಕಾರ ಚಿನ್ನ ನಾಲ್ಕೂವರೆ ಪಟ್ಟು ದುಬಾರಿಯಾಗಿದೆ, ಅದೂ ಹನ್ನೊಂದೇ ವರ್ಷದಲ್ಲಿ.

ತೀರ್ಥಹಳ್ಳಿ ಲೆಕ್ಕಿಗ

ನಿಮ್ಮ ಸಂಕಟ ನಿಜ. ಆದರೆ ಅದು ಚಿನ್ನದ ಕಥೆ ಅರ್ಧ, ಅಡಿಕೆಯ ಕಥೆ ಅರ್ಧ. 2014 ಅಡಿಕೆಗೆ ಶಿಖರ, ಚಿನ್ನಕ್ಕೆ ತಗ್ಗು. ಶಿಖರದಲ್ಲಿ ನಿಂತು ತಗ್ಗನ್ನು ಅಳೆದಿದ್ದೀರಿ. 2012ರ ಚೀಟಿ ಇದ್ದರೆ ಅದನ್ನೂ ನೋಡಿ.

ಅಡಿಕೆ ಅಂಗಳ, ಸಾಗರ

ಹುಡುಕಿದೆ. 2012ರಲ್ಲಿ ಕ್ವಿಂಟಾಲಿಗೆ 16,000ದ ಹತ್ತಿರ ಕೊಟ್ಟಿದ್ದೇನೆ. ಚಿನ್ನ ಆಗ ಗ್ರಾಂಗೆ 2,800. ಆರು ಗ್ರಾಂ ಕೂಡ ಬರುತ್ತಿರಲಿಲ್ಲ. ಸರಿ, ಒಪ್ಪಿದೆ. ಆದರೂ ಮೂರು ಪವನಿನ ವರ್ಷ ಮರೆಯುವುದಿಲ್ಲ. ಆ ವರ್ಷ ಚಿನ್ನ ಕೊಳ್ಳುವ ಬದಲು ಕಾರು ಕೊಂಡೆ. ಅದು ಈಗ ಕೊಟ್ಟಿಗೆಯ ಪಕ್ಕ ತುಕ್ಕು ಹಿಡಿಯುತ್ತಿದೆ.

ಭದ್ರಾವತಿ ಎಂಜಿನಿಯರ್

ಲೆಕ್ಕಿಗರ ಎರಡು ಉತ್ತರಗಳು ಒಂದಕ್ಕೊಂದು ಕೂಡುತ್ತಿಲ್ಲವಲ್ಲ? ಚಿನ್ನ ಒಂದೇ, ಲೋಕವೆಲ್ಲ ಅದಕ್ಕೆ ಒಂದೇ ಬೆಲೆ. ಡಾಲರಿನಲ್ಲಿ 1980ರ ಶಿಖರವನ್ನು ಈಗಷ್ಟೇ ದಾಟಿದೆ, ರೂಪಾಯಿಯಲ್ಲಿ ನಾಲ್ಕು ಪಟ್ಟು ಎಂದರೆ ಎಲ್ಲೋ ಲೆಕ್ಕ ತಪ್ಪಿರಬೇಕು. ರೂಪಾಯಿ ಬೆಲೆ ಕಳೆದುಕೊಂಡದ್ದು ನಮ್ಮ ಹಣದುಬ್ಬರದಿಂದಲೇ ಅಲ್ಲವೇ? ಸೂಚ್ಯಂಕದಿಂದ ಭಾಗಿಸಿದ ಮೇಲೆ ಅದೂ ಕಳೆದುಹೋಗಬೇಕು.

ತೀರ್ಥಹಳ್ಳಿ ಲೆಕ್ಕಿಗ

ಒಳ್ಳೆಯ ಕೊಕ್ಕೆ ಹಾಕಿದಿರಿ. ಮೊದಲನೆಯದಾಗಿ, ಅಜ್ಜ ಕೊಂಡದ್ದು ಶಿಖರದಲ್ಲಿ ಅಲ್ಲ. ಮೇ ತಿಂಗಳಿನಲ್ಲಿ ಚಿನ್ನ 510 ಡಾಲರಿನ ಆಸುಪಾಸಿಗೆ ಇಳಿದಿತ್ತು. ಆದ್ದರಿಂದ ಆ ಬಿಲ್ಲನ್ನು 850ರ ಜೊತೆ ಹೋಲಿಸುವಂತಿಲ್ಲ.

ಈಗ ಬಿಲ್ಲನ್ನೇ ಬಿಚ್ಚಿ ನೋಡೋಣ. 120ರಿಂದ 11,400ಕ್ಕೆ ಎಂದರೆ 95 ಪಟ್ಟು. ಇದರಲ್ಲಿ ಚಿನ್ನದ ಡಾಲರ್ ಬೆಲೆ ಏರಿದ್ದು 510ರಿಂದ 4,000ಕ್ಕೆ, ಸುಮಾರು 7.8 ಪಟ್ಟು. ಡಾಲರ್ ಆಗ 7 ರೂಪಾಯಿ 85 ಪೈಸೆಯ ಹತ್ತಿರ ಇತ್ತು, 2025ರ ಹಬ್ಬದ ಹೊತ್ತಿಗೆ 88ರ ಮೇಲಿತ್ತು, ಅದು 11.3 ಪಟ್ಟು. ಎರಡನ್ನೂ ಗುಣಿಸಿದರೆ 88. 2025ರಲ್ಲಿದ್ದ ಶೇಕಡಾ 6ರ ಆಮದು ಸುಂಕ ಸೇರಿಸಿದರೆ 93. ಅಜ್ಜನ ಬಿಲ್ಲಿನ 95ಕ್ಕೆ ಇಷ್ಟು ಹತ್ತಿರ ಬಂತು ನೋಡಿ, ಆ ಅಂಗಡಿಯವನು ನ್ಯಾಯವಾಗಿಯೇ ದರ ಹಾಕಿದ್ದಾನೆ.

ಇನ್ನು ನಿಮ್ಮ ಪ್ರಶ್ನೆ. ಇಲ್ಲಿ ಬೆಲೆಗಳು 24 ಪಟ್ಟು ಏರಿವೆ, ಅಮೆರಿಕದಲ್ಲಿ 4 ಪಟ್ಟು. ನೀವು ಹೇಳಿದಂತೆ ಹಣದುಬ್ಬರದ ವ್ಯತ್ಯಾಸದಷ್ಟೇ ರೂಪಾಯಿ ಇಳಿದಿದ್ದರೆ 7.85ರ ಡಾಲರ್ 47 ರೂಪಾಯಿಗೆ ನಿಲ್ಲಬೇಕಿತ್ತು. ಅದು 2025ರಲ್ಲಿ ನಿಂತದ್ದು 88ರಲ್ಲಿ. 1980ರ ವಿನಿಮಯ ದರವನ್ನು ಮಾರುಕಟ್ಟೆಯಲ್ಲ, ರಿಸರ್ವ್ ಬ್ಯಾಂಕೇ ನಿಗದಿ ಮಾಡುತ್ತಿತ್ತು. 1991ರ ಜುಲೈ ಮೊದಲ ವಾರದಲ್ಲಿ ಎರಡು ಬಾರಿ ಅಪಮೌಲ್ಯ ಮಾಡಿ, ಮುಂದೆ 1993ರಲ್ಲಿ ಮಾರುಕಟ್ಟೆಗೆ ಬಿಟ್ಟರು. 47ನ್ನು ಮೀರಿದ ಆ ಇಳಿತವೆಲ್ಲ ಚಿನ್ನ ಇಟ್ಟುಕೊಂಡ ಭಾರತೀಯನಿಗೆ ಲಾಭವಾಗಿ ಬಂತು. ಅಮೆರಿಕದವನಿಗೆ ಆ ಭಾಗ್ಯ ಇರಲಿಲ್ಲ.

ಆದ್ದರಿಂದಲೇ ಚಿಕ್ಕಪ್ಪನ ಮಾತು ನಮಗೆ ಒಪ್ಪುವುದಿಲ್ಲ. ಆ ಜನವರಿಯ 850 ಡಾಲರನ್ನೇ ಅಂದಿನ ವಿನಿಮಯ ದರದಲ್ಲಿ ರೂಪಾಯಿಗೆ ತಂದರೆ ಶುದ್ಧ ಚಿನ್ನ ಗ್ರಾಂಗೆ 215ರ ಹತ್ತಿರ. ಇದು ಕಾಗದದ ಮೇಲಿನ ದರ, ಏಕೆಂದರೆ ಆಗ ಚಿನ್ನದ ಆಮದಿಗೆ ನಿಷೇಧವಿತ್ತು. ಇರಲಿ, ಅದು ಇಂದಿನ 5,200ರಿಂದ 5,500 ರೂಪಾಯಿಗೆ ಸಮ. 2025ರ ಹಬ್ಬ ಕಳೆದ ಮೇಲೆ ಶುದ್ಧ ಚಿನ್ನ 12,400. ಎರಡು ಪಟ್ಟಿಗಿಂತ ಹೆಚ್ಚು. ರೂಪಾಯಿಯ ಕಣ್ಣಿನಲ್ಲಿ ಆ ಶಿಖರವನ್ನು 2011-12ರ ಏರಿಕೆಯಲ್ಲೇ ದಾಟಿಯಾಗಿತ್ತು. ಡಾಲರಿನಲ್ಲಿ ದಾಟಲು ಇನ್ನೂ ಹದಿಮೂರು ವರ್ಷ ಹಿಡಿಯಿತು.

ಭದ್ರಾವತಿ ಎಂಜಿನಿಯರ್

ವಿನಿಮಯ ದರದ ಭಾಗ ಒಪ್ಪುತ್ತೇನೆ. ಆದರೆ 1980ರ ಅಮೆರಿಕದ ಸೂಚ್ಯಂಕವನ್ನು ಅಷ್ಟು ನಂಬಬಹುದೇ? ಆಗ ಮನೆ ಸಾಲದ ಬಡ್ಡಿಯನ್ನೂ ಅದರೊಳಗೆ ಸೇರಿಸುತ್ತಿದ್ದರು, 1983ರಲ್ಲಿ ತೆಗೆದರು. ಬಡ್ಡಿ ಏರಿದ ಕಾಲದಲ್ಲಿ ಅದು ಬೆಲೆಯೇರಿಕೆಯನ್ನು ಉಬ್ಬಿಸಿ ತೋರಿಸಿರಬೇಕು.

ತೀರ್ಥಹಳ್ಳಿ ಲೆಕ್ಕಿಗ

ಹೌದು. ಆದ್ದರಿಂದ 3,550 ಎಂಬುದನ್ನು ಗಡಿಕಲ್ಲಿನಂತೆ ನೋಡಬೇಡಿ. ಈಗಿನ ಪದ್ಧತಿಯಿಂದ ಹಳೆಯ ವರ್ಷಗಳನ್ನು ತಿದ್ದಿದರೆ ಆ ಶಿಖರ ಸ್ವಲ್ಪ ತಗ್ಗುತ್ತದೆ. ಏರುವುದಂತೂ ಇಲ್ಲ.

ಗಾಂಧಿ ಬಜಾರ್ ಅಕ್ಕಸಾಲಿಗ

ನೀವೆಲ್ಲ ಕಾಗದದಲ್ಲಿ ಕರಗಿಸುತ್ತಿದ್ದೀರಿ, ನಾನು ಮೂಸೆಯಲ್ಲಿ ಕರಗಿಸುವವನು. 22 ಕ್ಯಾರೆಟ್ ಎಂದು ಬಿಲ್ಲಿನಲ್ಲಿ ಬರೆದ ಮಾತ್ರಕ್ಕೆ ಆ ಸರ 22 ಕ್ಯಾರೆಟ್ ಆಗಬೇಕಾಗಿಲ್ಲ. ನಮ್ಮ ದೇಶದಲ್ಲಿ ಹಾಲ್‌ಮಾರ್ಕ್ ಶುರುವಾದದ್ದು 2000ದಲ್ಲಿ, ಕಡ್ಡಾಯವಾದದ್ದು 2021ರಲ್ಲಿ. ಅವಲಕ್ಕಿ ಸರದಂಥ ಆಭರಣದಲ್ಲಿ ಬೆಸುಗೆ ಬಹಳ, ಹಳೆಯ ಬೆಸುಗೆಯಲ್ಲಿ ತಾಮ್ರ, ಬೆಳ್ಳಿ ಹೆಚ್ಚು. ನನ್ನ ಕೈಗೆ ಬಂದ ಆ ಕಾಲದ ಸರಗಳು ಕರಗಿಸಿದ ಮೇಲೆ 20 ಕ್ಯಾರೆಟ್ಟಿಗೆ ನಿಂತದ್ದು ಎಷ್ಟೋ ಇವೆ. ಹಾಗಾದರೆ 40 ಗ್ರಾಂ ಇದ್ದದ್ದು 22ರ ಲೆಕ್ಕದಲ್ಲಿ 36 ಚಿಲ್ಲರೆ. ಅದರ ಮೇಲೆ ಆಗ ಕೊಟ್ಟ ಮಜೂರಿ ವಾಪಸ್ ಬರುವುದಿಲ್ಲ. ಕೊಪ್ಪದ ಅಕ್ಕನವರೇ, ಬಳೆ ತೆಗೆದುಕೊಂಡು ಹೋಗುವ ಮೊದಲು ಪರೀಕ್ಷಾ ಕೇಂದ್ರದಲ್ಲಿ ಯಂತ್ರಕ್ಕೆ ಹಿಡಿಸಿ, ಸವಕಳಿಯ ಮಾತು ಆಮೇಲೆ ಆಡಿ.

ಕೊಪ್ಪದ ಸೊಸೆ

ಆಯಿತು ಅಣ್ಣ. ಕಾಯಬೇಕೇ ಬೇಡವೇ ಎಂಬುದಕ್ಕೆ ಮಾತ್ರ ಯಾರೂ ಉತ್ತರ ಕೊಡಲಿಲ್ಲ.

ತೀರ್ಥಹಳ್ಳಿ ಲೆಕ್ಕಿಗ

ಅದಕ್ಕೆ ಉತ್ತರ ಕೊಡುವವರನ್ನು ನಂಬಬೇಡಿ ತಾಯಿ. ನಡೆದದ್ದನ್ನು ಮಾತ್ರ ಹೇಳುತ್ತೇನೆ. 850ಕ್ಕೆ ಕೊಂಡ ಅಮೆರಿಕದವನಿಗೆ 2001ರಲ್ಲಿ ಅಸಲಿನ ಬೆಲೆ ಉಳಿಯಬೇಕಾಗಿದ್ದರೆ ಚಿನ್ನ 1,935 ಡಾಲರ್ ಆಗಿರಬೇಕಿತ್ತು. ಆ ವರ್ಷದ ಸರಾಸರಿ 271. ಏಳರಲ್ಲಿ ಒಂದು ಪಾಲು. ಹೊಸನಗರದ ಅಜ್ಜನ 120ಕ್ಕೆ 2001ರಲ್ಲಿ 685 ರೂಪಾಯಿ ಬರಬೇಕಿತ್ತು, ಪೇಟೆಯಲ್ಲಿ ಇದ್ದದ್ದು 400ರ ಒಳಗೆ. ರೂಪಾಯಿ ಇಳಿದು ಕೈ ಹಿಡಿದರೂ ಇಪ್ಪತ್ತೊಂದು ವರ್ಷದಲ್ಲಿ ನೂರಕ್ಕೆ ನಲವತ್ತು ಹೋಗಿತ್ತು. ಆಗಲೂ ಚಿನ್ನದ ಬೆಲೆ ಮೂರು ಪಟ್ಟಾಯಿತು ಎಂದೇ ಎಲ್ಲರೂ ಹೇಳಿಕೊಂಡು ತಿರುಗುತ್ತಿದ್ದರು. ನಾನೂ ಹೇಳಿದ್ದೇನೆ.

ಹೆಗ್ಗೋಡಿನ ಹಳಬ

ತಡವಾಗಿ ಬಂದೆ. ಸೂಚ್ಯಂಕ ಯಾರದು ಎಂಬುದನ್ನು ಯಾರೂ ಕೇಳಲಿಲ್ಲ. ಕೈಗಾರಿಕಾ ಕಾರ್ಮಿಕರದಂತೆ. ನಮ್ಮ ಹೊಸನಗರ, ಸಾಗರದಲ್ಲಿ ಕಾರ್ಖಾನೆ ಎಲ್ಲಿತ್ತು? ಆಗ ತೋಟದ ಆಳಿಗೆ ದಿನಕ್ಕೆ 6 ರೂಪಾಯಿ ಕೊಡುತ್ತಿದ್ದದ್ದು ನನಗೆ ನೆನಪಿದೆ, ಮಧ್ಯಾಹ್ನದ ಊಟ ನಮ್ಮದೇ. 120 ರೂಪಾಯಿ ಎಂದರೆ ಇಪ್ಪತ್ತು ದಿನದ ಕೂಲಿ. ಈಗ 600 ಕೊಟ್ಟರೂ ಜನ ಸಿಗುವುದಿಲ್ಲ. 11,400 ಎಂದರೆ ಹತ್ತೊಂಬತ್ತು ದಿನದ ಕೂಲಿ. ಕೂಲಿಯವನ ಲೆಕ್ಕದಲ್ಲಿ ಚಿನ್ನ ಅಲ್ಲಿಯೇ ನಿಂತಿದೆ. ಮರ ಹತ್ತುವ ಕೊನೆಗಾರನ ಲೆಕ್ಕ ಹಾಕಿದರೆ ಅಗ್ಗವೇ ಆಗಿದೆ. ನಾಲ್ಕು ಪಟ್ಟು ದುಬಾರಿ ಎಂದಿರಲ್ಲ, ಯಾರಿಗೆ?

ವಿನೋಬನಗರದವ

ಇದು ಬೇರೆ ಪ್ರಶ್ನೆ. ಕೂಲಿ ಏರಿದ್ದು ಜನರ ಸ್ಥಿತಿ ಸುಧಾರಿಸಿದ್ದರಿಂದ. ಹಣದುಬ್ಬರ ಕಳೆಯುವುದೆಂದರೆ ಸಾಮಾನಿನ ಬೆಲೆ ಕಳೆಯುವುದು.

ಹೆಗ್ಗೋಡಿನ ಹಳಬ

ಅದು ನಿಮ್ಮ ಪುಸ್ತಕದ ಮಾತು. ನಮ್ಮ ಆಳಿನ ಮಗಳ ಮದುವೆಗೆ ಆತ ಅಳೆಯುವುದು ಕೂಲಿಯಲ್ಲಿ.

ತೀರ್ಥಹಳ್ಳಿ ಲೆಕ್ಕಿಗ

ಹಳಬರ ಮಾತಿಗೆ ನನ್ನ ಹತ್ತಿರ ಪೂರ್ತಿ ಉತ್ತರ ಇಲ್ಲ. ಸಾಮಾನಿನಲ್ಲಿ ಅಳೆದರೆ ಚಿನ್ನ ನಾಲ್ಕು ಪಟ್ಟು, ದುಡಿಮೆಯ ದಿನದಲ್ಲಿ ಅಳೆದರೆ ಹಾಗೆಯೇ ಇದೆ. ಎರಡೂ ನಿಜ. ಆದರೆ ನಿಮ್ಮ 6 ರೂಪಾಯಿಗೆ ಆ ಮಧ್ಯಾಹ್ನದ ಊಟದ ಬೆಲೆಯನ್ನೂ ಸೇರಿಸಬೇಕು. ಊಟಕ್ಕೆ ಒಂದೂವರೆ ರೂಪಾಯಿ ಎಂದರೂ ದಿನಕ್ಕೆ ಏಳೂವರೆ, ಆಗ ಗ್ರಾಂಗೆ ಹದಿನಾರೇ ದಿನ. ಈಗಲೂ ಊಟ ಕೊಡುತ್ತೀರಾ?

ಹೆಗ್ಗೋಡಿನ ಹಳಬ

ಕೊಡುತ್ತೇವೆ. ಜೊತೆಗೆ ಬೆಳಿಗ್ಗೆ ತಿಂಡಿ, ಎರಡು ಬಾರಿ ಚಹಾ, ಕರೆದುಕೊಂಡು ಬರಲು ಜೀಪು. ಅದನ್ನೂ ಸೇರಿಸಿ ನೋಡಿ.

ಹೊಸನಗರದ ಮೊಮ್ಮಗ

ಇದನ್ನೆಲ್ಲ ಅಪ್ಪನಿಗೂ ಚಿಕ್ಕಪ್ಪನಿಗೂ ಓದಿ ಹೇಳಿದೆ. ತಾನು ಆಗಸ್ಟ್‌ವರೆಗೆ ಸರಿ ಇದ್ದೆ ಎಂಬಲ್ಲಿಗೆ ಚಿಕ್ಕಪ್ಪ ಕೇಳುವುದನ್ನು ನಿಲ್ಲಿಸಿದರು. ಅಪ್ಪ ಬೇರೆಯದೇ ವಿಷಯ ಹೇಳಿದರು: ಆ 4,800 ಹೊಂದಿಸಲು ಅಜ್ಜ ಐದು ಕ್ವಿಂಟಾಲ್ ಅಡಿಕೆಯನ್ನು ಕೊಯ್ಲಿಗೆ ಮೊದಲೇ ಮಂಡಿಯವರಿಗೆ ಬರೆದುಕೊಟ್ಟಿದ್ದರಂತೆ. ಸಂದೂಕದಲ್ಲಿ ಆ ಚೀಟಿ ಸಿಗಲಿಲ್ಲ.

ಅಡಿಕೆ ಅಂಗಳ, ಸಾಗರ

ಐದು ಕ್ವಿಂಟಾಲಿಗೆ 40 ಗ್ರಾಂ ಎಂದರೆ ಒಂದಕ್ಕೆ 8 ಗ್ರಾಂ, ಸರಿಯಾಗಿ ಒಂದು ಪವನು. ಮುಂಗಡವಾದ್ದರಿಂದ ದರ ಕಡಿಮೆಯೇ ಹಾಕಿರುತ್ತಾರೆ. 1980ರ ಮಂಡಿ ಚೀಟಿ ಯಾರ ಮನೆಯಲ್ಲಾದರೂ ಇದ್ದರೆ ಇಲ್ಲಿ ಹಾಕಿ, ರಾಶಿಯದೋ ಬೆಟ್ಟೆಯದೋ ಎಂಬುದನ್ನೂ ಬರೆಯಿರಿ.